ರೂಪಾಯಿ ಇಳಿದರೂ ಚಹದ ಲಾಭ ಏಕೆ ನಿಲ್ಲದು?

ಕಳೆದ ತಿಂಗಳು ಕೋತಗಿರಿಯ ಕಡೆ ಹೋಗಿದ್ದಾಗ, ಒಂದೂವರೆ ಎಕರೆ ಚಹದ ತೋಟವಿರುವ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಸ್ವಾಮಿ, ಡಾಲರಿನ ಮುಂದೆ ರೂಪಾಯಿ ಇಳಿಯಿತೆಂದು ಪತ್ರಿಕೆಯವರು ಬರೆಯುತ್ತೀರಿ. ರೂಪಾಯಿ ಇಳಿದರೆ ಹೊರದೇಶಕ್ಕೆ ಹೋಗುವ ಮಾಲಿಗೆ ಲಾಭವೆಂದೂ ನೀವೇ ಬರೆಯುತ್ತೀರಿ. ಹಾಗಾದರೆ ಆ ಲಾಭ ನಮ್ಮ ಕೈಯಲ್ಲಿ ಏಕೆ ನಿಲ್ಲುವುದಿಲ್ಲ?"

ನಡುವಿನ ವ್ಯಾಪಾರಿ ನುಂಗುತ್ತಾನೆಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಉತ್ತರವಲ್ಲ. ಪೂರ್ತಿ ಉತ್ತರ ಬೇಕಾದರೆ 1966ನೆಯ ಇಸವಿಯಷ್ಟು ಹಿಂದಕ್ಕೆ ಹೋಗಬೇಕು. ಇದೇ ಪಾಠವನ್ನು ನಮ್ಮ ದೇಶದ ಚಹ ಆಗ ಚೆನ್ನಾಗಿಯೇ ಕಲಿಯಿತು.

1966ರ ಜೂನ್ 6ರಂದು ಭಾರತ ಸರಕಾರವು ರೂಪಾಯಿಯ ಅಪಮೌಲ್ಯ ಮಾಡಿತು. ಅದುವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆಯಿದ್ದ ದರ 7 ರೂಪಾಯಿ 50 ಪೈಸೆಯಾಯಿತು. ಇಂಗ್ಲೆಂಡಿನ ಪೌಂಡಿಗೆ 13 ರೂಪಾಯಿ 33 ಪೈಸೆಯಿದ್ದುದು 21 ರೂಪಾಯಿಗೆ ಏರಿತು. ಆ ಕಾಲದಲ್ಲಿ ಚಹದ ದೊಡ್ಡ ಹರಾಜು ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಆದುದರಿಂದ ಚಹ ಕಳಿಸುವವನಿಗೆ ಮುಖ್ಯವಾದುದು ಪೌಂಡಿನ ದರವೇ.

ಒಂದು ಕಲ್ಪನೆಯ ಲೆಕ್ಕ ಹಾಕೋಣ. ಒಂದು ಕಿಲೋ ಚಹಕ್ಕೆ ಲಂಡನ್ನಿನಲ್ಲಿ 9 ಷಿಲ್ಲಿಂಗು ಸಿಕ್ಕಿತೆನ್ನಿ. ಪೌಂಡಿಗೆ 20 ಷಿಲ್ಲಿಂಗಾದ್ದರಿಂದ, ಹಳೆಯ ದರದಲ್ಲಿ ಅದು 6 ರೂಪಾಯಿ, ಹೊಸ ದರದಲ್ಲಿ 9 ರೂಪಾಯಿ 45 ಪೈಸೆ. ಎಲೆ ಕೊಯ್ಯುವವರ ಕೂಲಿ, ಗೊಬ್ಬರ, ಕಾರ್ಖಾನೆಯ ಸೌದೆ, ಸಾಗಣೆ ಎಲ್ಲ ಸೇರಿ ಖರ್ಚು 5 ರೂಪಾಯಿಯೆಂದು ಇಟ್ಟುಕೊಂಡರೆ, ಒಂದು ರೂಪಾಯಿಯಿದ್ದ ಉಳಿತಾಯ ಒಂದೇ ರಾತ್ರಿಯಲ್ಲಿ 4 ರೂಪಾಯಿ 45 ಪೈಸೆಯಾಯಿತು! ಇಷ್ಟು ಉಳಿದವನು ಬೆಲೆಯನ್ನು ತುಸು ಇಳಿಸಿಯೂ ಸಿಂಹಳದ ಮಾರಾಟಗಾರನ ಕೈಯಿಂದ ಗಿರಾಕಿಯನ್ನು ಕಿತ್ತುಕೊಳ್ಳಬಲ್ಲ. ಅಪಮೌಲ್ಯದಿಂದ ರಫ್ತು ಹೆಚ್ಚುತ್ತದೆಂಬ ಮಾತಿನ ತಿರುಳು ಇಷ್ಟೇ.

ಆದರೆ ಈ ಉಳಿತಾಯ ಪೂರ್ತಿಯಾಗಿ ಬೆಳೆಗಾರನ ಕೈಗೆ ಬರಲಿಲ್ಲ. ಅಪಮೌಲ್ಯದ ಜೊತೆಯಲ್ಲೇ ಸರಕಾರವು ಚಹ, ಸೆಣಬಿನ ಮಾಲು ಮುಂತಾದವುಗಳ ಮೇಲೆ ರಫ್ತು ಸುಂಕ ಹೇರಿತು. ಅದು ಎಲ್ಲರ ಕಣ್ಣಿಗೂ ಕಾಣುವ ಕಡಿತ. ಕಣ್ಣಿಗೆ ಕಾಣದಂತೆ ನಡೆದ ಕಡಿತ ಇನ್ನೊಂದು. ಅದೇ ನಮ್ಮ ಇಂದಿನ ವಿಷಯ.

1965-66ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಧಾನ್ಯ ತುಟ್ಟಿಯಾಯಿತು. ಧಾನ್ಯದ ಹಿಂದೆ ಕೂಲಿ, ಕೂಲಿಯ ಹಿಂದೆ ಉಳಿದುದೆಲ್ಲ ಏರಿತು. 1965-66ರಿಂದ 1967-68ರೊಳಗೆ ದೇಶದ ಸಗಟು ಬೆಲೆಗಳು ಕಾಲುಭಾಗಕ್ಕೂ ತುಸು ಹೆಚ್ಚಾಗಿ ಮೇಲೆ ಹೋದವು. ನಮ್ಮ ಲೆಕ್ಕದ ತೋಟದ ಖರ್ಚೂ ಕಾಲುಭಾಗ ಏರಿತೆಂದರೆ 5 ರೂಪಾಯಿಯಿದ್ದುದು 6 ರೂಪಾಯಿ 25 ಪೈಸೆ.

ಅಷ್ಟರಲ್ಲಿ 1967ರ ನವೆಂಬರಿನಲ್ಲಿ ಇಂಗ್ಲೆಂಡು ತನ್ನ ಪೌಂಡನ್ನೇ ಇಳಿಸಿತು. 2 ಡಾಲರು 80 ಸೆಂಟಿದ್ದ ಪೌಂಡು 2 ಡಾಲರು 40 ಸೆಂಟಾಯಿತು. ನಮ್ಮ ರೂಪಾಯಿ ಡಾಲರಿನ ಮುಂದೆ ಇದ್ದಲ್ಲೇ ಇತ್ತು. ಆದರೂ ಪೌಂಡಿನ ದರ 21 ರೂಪಾಯಿಯಿಂದ 18 ರೂಪಾಯಿಗೆ ಇಳಿಯಿತು. ಲಂಡನ್ನಿನ ಬೆಲೆ ಅದೇ 9 ಷಿಲ್ಲಿಂಗು ನಿಂತಿತೆಂದರೆ ಕಿಲೋಕ್ಕೆ 8 ರೂಪಾಯಿ 10 ಪೈಸೆ. ಖರ್ಚು 6 ರೂಪಾಯಿ 25 ಪೈಸೆ ಕಳೆದರೆ ಉಳಿಯುವುದು 1 ರೂಪಾಯಿ 85 ಪೈಸೆ. ಸುಂಕ ಕಳೆಯುವುದು ಇನ್ನೂ ಬಾಕಿ!

ಈಗ ಎದುರಾಳಿಯ ಕಡೆ ನೋಡೋಣ. 1966ಕ್ಕೆ ಮೊದಲು ಸಿಂಹಳದ ರೂಪಾಯಿಗೂ ನಮ್ಮ ರೂಪಾಯಿಗೂ ಡಾಲರಿನಲ್ಲಿ ಒಂದೇ ಬೆಲೆ. ಜೂನ್ ತಿಂಗಳ ಅಪಮೌಲ್ಯದ ಬಳಿಕ, ಸಿಂಹಳದ 100 ರೂಪಾಯಿಗೆ ನಮ್ಮವು ಸುಮಾರು 157 ಕೊಡಬೇಕಾಯಿತು. ಮಾರಾಟಕ್ಕೆ ಇದು ನಮಗೆ ಅನುಕೂಲ. ಪೌಂಡು ಇಳಿದ ಅದೇ ನವೆಂಬರಿನಲ್ಲಿ ಸಿಂಹಳವೂ ತನ್ನ ರೂಪಾಯಿಯನ್ನು ಡಾಲರಿಗೆ 5 ರೂಪಾಯಿ 95 ಸೆಂಟಿಗೆ ಇಳಿಸಿಕೊಂಡಿತು. 157 ಇದ್ದುದು 126 ಆಯಿತು. ಸಿಂಹಳದಲ್ಲಿ ಬೆಲೆಗಳು ನಮ್ಮಷ್ಟು ಏರಿರಲಿಲ್ಲ. ನೂರಕ್ಕೆ ಐದು ಏರಿತೆಂದು ಹಿಡಿಯೋಣ. 126ನ್ನು 105ರಿಂದ ಗುಣಿಸಿ, ನಮ್ಮ 125ರಿಂದ ಭಾಗಿಸಿರಿ. 106 ಬರುತ್ತದೆ. ಅಂದರೆ 57 ಪಾಲು ಅನುಕೂಲವೆಂದು ಹೊರಟದ್ದು ಒಂದೂವರೆ ವರ್ಷದಲ್ಲಿ 6 ಪಾಲಿಗೆ ಬಂದು ನಿಂತಿತು.

ಈಗ ಮಾಡಿದ ಗುಣಾಕಾರ ಭಾಗಾಕಾರಕ್ಕೆ ಅರ್ಥಶಾಸ್ತ್ರದವರು ನೈಜ ವಿನಿಮಯ ದರ ಎನ್ನುತ್ತಾರೆ. ಬ್ಯಾಂಕಿನ ಹಲಗೆಯ ಮೇಲೆ ಬರೆದಿರುವುದು ನಾಮಮಾತ್ರ ದರ. ಅದನ್ನು ಹೊರಗಿನವರ ಬೆಲೆಯಿಂದ ಗುಣಿಸಿ, ನಮ್ಮ ಬೆಲೆಯಿಂದ ಭಾಗಿಸಿದರೆ ನೈಜ ದರ. ಹಲಗೆಯ ದರ ಕದಲದೆ ನಿಂತಿರುವಾಗಲೂ, ನಮ್ಮಲ್ಲಿ ಬೆಲೆ ಏರುತ್ತಾ ಅವರಲ್ಲಿ ಏರದಿದ್ದರೆ, ನೈಜ ದರ ದಿನದಿನಕ್ಕೆ ನಮಗೆ ಪ್ರತಿಕೂಲವಾಗುತ್ತಲೇ ಹೋಗುತ್ತದೆ. ಇದನ್ನು ಯಾವ ಸರಕಾರವೂ ಸಾರಿ ಹೇಳುವುದಿಲ್ಲ; ತೋಟದ ಲೆಕ್ಕದ ಪುಸ್ತಕ ಹೇಳುತ್ತದೆ.

ಈ ಮಾತು ಹಳೆಯದಾಗಿಲ್ಲ. 2022ರಲ್ಲಿ ಶ್ರೀಲಂಕೆಯ ರೂಪಾಯಿ ಕೆಲವೇ ತಿಂಗಳಲ್ಲಿ ಡಾಲರಿಗೆ 200ರ ಸುಮಾರಿನಿಂದ 360ರ ಸುಮಾರಿಗೆ ಬಿತ್ತು. ಹಲಗೆಯನ್ನಷ್ಟೇ ನೋಡಿದವರು, ಅವರ ಚಹದ ಮುಂದೆ ಇನ್ನು ಯಾರ ಚಹವೂ ನಿಲ್ಲದೆಂದುಕೊಳ್ಳಬಹುದಿತ್ತು. ಆದರೆ ಆ ಸೆಪ್ಟೆಂಬರಿನ ಹೊತ್ತಿಗೆ ಅಲ್ಲಿನ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 70ರಷ್ಟು ಮೇಲಿದ್ದವು. ಒಂದು ಕೈ ಕೊಟ್ಟುದರ ದೊಡ್ಡ ಪಾಲನ್ನು ಇನ್ನೊಂದು ಕೈ ಕಿತ್ತುಕೊಂಡಿತು.

ಇದನ್ನು ತಿಳಿಯಲು ಒಂದು ಸಾಧನವಿದೆ. ನಮ್ಮ ರಿಸರ್ವ್ ಬ್ಯಾಂಕು 40 ದೇಶಗಳ ನಾಣ್ಯಗಳನ್ನು ಒಟ್ಟಿಗೆ ಹಿಡಿದು, ವ್ಯಾಪಾರದ ತೂಕಕ್ಕೆ ತಕ್ಕಂತೆ ನೈಜ ದರದ ಸೂಚ್ಯಂಕವನ್ನು ಪ್ರಕಟಿಸುತ್ತಿದೆ. ಅದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ನಮ್ಮ ಮೇಲಿನ ಲೆಕ್ಕದಲ್ಲಿ ಅಂಕಿ ಏರಿದರೆ ಅನುಕೂಲ. ಬ್ಯಾಂಕಿನ ಸೂಚ್ಯಂಕ ಅದಕ್ಕೆ ತಿರುಗುಮುರುಗು, ಏರಿದರೆ ನಮ್ಮ ಸರಕು ಹೊರಗೆ ತುಟ್ಟಿಯಾಯಿತೆಂದು ಅರ್ಥ. ಎರಡನೆಯದು, ಅದು ಇಡೀ ದೇಶದ ಸರಾಸರಿ. ಚಹಕ್ಕೆ ಎದುರಾಳಿಗಳು ಕೀನ್ಯ, ಶ್ರೀಲಂಕೆಯಂಥ ಕೆಲವೇ ದೇಶಗಳು. ನಮ್ಮ ಖರ್ಚಿನಲ್ಲಿ ಕೊಯ್ಲಿನ ಕೂಲಿಯದೇ ದೊಡ್ಡ ಪಾಲು. ಕೂಲಿಯೂ ಗೊಬ್ಬರವೂ ಉಳಿದ ಬೆಲೆಗಳಿಗಿಂತ ಬೇಗ ಏರಿದರೆ, ಸೂಚ್ಯಂಕ ಚೆನ್ನಾಗಿ ಕಂಡರೂ ತೋಟ ಸೋಲುತ್ತದೆ.

ಇದನ್ನೆಲ್ಲ ಕೇಳಿದ ಕೋತಗಿರಿಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪೇಪರಿನಲ್ಲಿ ರೂಪಾಯಿಯ ದರ ಒಂದನ್ನೇ ನೋಡಿದರೆ ಸಾಲದು. ನಮ್ಮ ಕೂಲಿ ಎಷ್ಟು ಏರಿತು, ಅವರದು ಎಷ್ಟು ಏರಿತು ಎಂದೂ ನೋಡಬೇಕು" ಎಂದರು. ನಾವು ಇಷ್ಟುದ್ದ ಹೇಳಿದ್ದನ್ನು ಅವರು ಎರಡೇ ಮಾತಿನಲ್ಲಿ ಮುಗಿಸಿದ್ದರು.