ಐದು ಸೇಬು ಕೇಳಿದರೆ ಆರು ಏಕೆ?

‘ಮೇಜಿನ ಮೇಲೆ ಐದು ಸೇಬು’ ಎಂದು ಬರೆದರೆ ಚಿತ್ರ ಬಿಡಿಸುವ ಎಐ ಕೆಲವೊಮ್ಮೆ ಆರೋ ಏಳೋ ಬಿಡಿಸಿಬಿಡುತ್ತದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿ ಸೇಬುಗಳನ್ನು ಒಂದೊಂದಾಗಿ ಎಣಿಸಿ ಇಡುವುದಿಲ್ಲ. ಬರೀ ಚುಕ್ಕೆಗಳ ಗದ್ದಲದಿಂದ ಶುರುಮಾಡಿ ಇಡೀ ಚಿತ್ರವನ್ನು ಒಟ್ಟಿಗೇ ಹಂತಹಂತವಾಗಿ ತಿಳಿಗೊಳಿಸುತ್ತದೆ. ಎಷ್ಟಾಯಿತೆಂದು ನಡುವೆ ಲೆಕ್ಕ ನೋಡುವುದಿಲ್ಲ. ಅದು ಕಲಿತ ಚಿತ್ರಗಳ ಅಡಿಬರಹಗಳಲ್ಲೂ ಸರಿಯಾದ ಎಣಿಕೆ ಅಪರೂಪ; ಬುಟ್ಟಿಯಲ್ಲಿ ಹದಿಮೂರು ಸೇಬು ಎಂದು ಯಾರು ಬರೆಯುತ್ತಾರೆ? ಹಾಗಾಗಿ ಒಂದೆರಡು ಸಾಮಾನ್ಯವಾಗಿ ಸರಿಬರುತ್ತವೆ, ಮುಂದೆಲ್ಲ ಅಂದಾಜು.

ಸಂಖ್ಯೆಯನ್ನು ಜಾಗಕ್ಕೆ ಕಟ್ಟಿಹಾಕಿ: ‘ಮೇಲಿನಿಂದ ಕಂಡ ಖಾಲಿ ಮೇಜು, ಮೇಲಿನ ಸಾಲಿನಲ್ಲಿ ಎರಡು ಕೆಂಪು ಸೇಬು, ಕೆಳಗಿನ ಸಾಲಿನಲ್ಲಿ ಮೂರು ಹಸಿರು ಸೇಬು, ನಡುವೆ ಅಂತರ.’ ಬುಟ್ಟಿ, ರಾಶಿ ಎಂಬ ಪದಗಳು ಬೇಡ. ಇಷ್ಟಾದರೂ ಖಾತ್ರಿಯಿಲ್ಲ, ನಾಲ್ಕಾರು ಚಿತ್ರ ತೆಗೆಸಿ, ನೀವೇ ಎಣಿಸಿ ಆರಿಸಿಕೊಳ್ಳಿ.