ಸಂಘದಿಂದ ಸದಸ್ಯರನ್ನು ತೆಗೆಯುವ ಮುನ್ನ

ಸಂಘಗಳ ಸಭಾ ಸೂಚನಾಪತ್ರದ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಧ್ವನಿವರ್ಧಕದ ರಿಪೇರಿಗೋ ಹಾಲ್ ಬಾಡಿಗೆಗೋ ಆ ಸಾಲು ಸಾಕು. ಒಬ್ಬ ಸದಸ್ಯರ ಹೆಸರನ್ನು ಪಟ್ಟಿಯಿಂದ ಕಿತ್ತುಹಾಕುವುದಕ್ಕೆ ಸಾಲದು. ಆದರೂ ಎಷ್ಟೋ ಕಡೆ ನಡೆಯುವುದು ಹೀಗೆಯೇ. ಸಭೆಯ ಕೊನೆಯಲ್ಲಿ ಯಾರೋ ಎದ್ದು ವಿಷಯ ತೆಗೆಯುತ್ತಾರೆ, ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ‘ಸರ್ವಾನುಮತದಿಂದ’ ಎಂದು ನಡವಳಿ ಪುಸ್ತಕದಲ್ಲಿ ಬರೆದಾಗುತ್ತದೆ. ತೆಗೆಸಿಕೊಂಡವರಿಗೆ ಅದು ಗೊತ್ತಾಗುವುದು ವಾಟ್ಸ್‌ಆ್ಯಪ್ ಗುಂಪಿನಿಂದ ತಮ್ಮ ನಂಬರು ಹೋದಾಗ. ಇಂಥ ನಿರ್ಣಯ ಕೋರ್ಟಿಗೆ ಹೋದರೆ ನಿಲ್ಲುವುದು ಕಷ್ಟ. ಆರೋಪ ನಿಜವಾಗಿದ್ದರೂ ಕಷ್ಟವೇ.

ಈ ವಿಷಯದಲ್ಲಿ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಎತ್ತಿ ಹೇಳುವ ತೀರ್ಪೊಂದು ನಮ್ಮ ಬೆಳಗಾವಿಯಿಂದಲೇ ಹೊರಟದ್ದು. ಅಲ್ಲಿನ ಲಾಡ್ಜ್ ವಿಕ್ಟೋರಿಯಾ ನಂ. 363 ಎಂಬ ಫ್ರೀಮೇಸನ್ ಸಂಘ ತನ್ನ ಸದಸ್ಯರಾಗಿದ್ದ ಟಿ.ಪಿ. ಡಾವರ್ ಅವರನ್ನು ಹೊರಹಾಕಿತ್ತು. ಅವರು ಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ 1962ರಲ್ಲಿ ಅವರ ವಿರುದ್ಧವಾಗಿ ಇತ್ಯರ್ಥವಾಯಿತು. ಆದರೆ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಸಂಘಗಳ ಕೈಯನ್ನೂ ಕಟ್ಟಿದರು. ಸದಸ್ಯರು ಸಂಘದ ನಿಯಮಕ್ಕೆ ಬದ್ಧರು, ಸರಿ. ಆದರೆ ಅವರನ್ನು ತೆಗೆಯಬೇಕಾದರೆ ಆ ನಿಯಮ ಹೇಳಿದ ರೀತಿಯಲ್ಲೇ ತೆಗೆಯಬೇಕು. ಸಿವಿಲ್ ಕೋರ್ಟು ಸಂಘದ ತೀರ್ಮಾನದ ಮೇಲೆ ಮೇಲ್ಮನವಿ ಕೇಳುವ ಪೀಠವಲ್ಲ. ಆದರೆ ಸಂಘ ತನಗಿಲ್ಲದ ಅಧಿಕಾರ ಚಲಾಯಿಸಿದ್ದರೆ, ಪ್ರಾಮಾಣಿಕವಾಗಿ ನಡೆದುಕೊಳ್ಳದಿದ್ದರೆ ಅಥವಾ ಸಹಜ ನ್ಯಾಯದ ತತ್ವವನ್ನು ಮೀರಿದ್ದರೆ ಆ ನಿರ್ಣಯವನ್ನು ರದ್ದು ಮಾಡಬಲ್ಲದು. ಅಂದರೆ ‘ಇವರು ತಪ್ಪು ಮಾಡಿದ್ದಾರೋ ಇಲ್ಲವೋ’ ಎಂದು ಕೋರ್ಟು ಹೊಸದಾಗಿ ವಿಚಾರಣೆಗೆ ಕೂರುವುದಿಲ್ಲ. ತಪ್ಪೆಂದು ತೀರ್ಮಾನಿಸಿದ ದಾರಿ ಸರಿಯಿತ್ತೇ ಎಂದು ನೋಡುತ್ತದೆ.

ಹಾಗಾಗಿ ಮೊದಲು ತೆಗೆದು ಓದಬೇಕಾದ್ದು ಬೈಲಾ. ಅದೂ ಕಪಾಟಿನಲ್ಲಿರುವ ಹಳೆಯ ಅಚ್ಚಿನ ಪುಸ್ತಿಕೆಯಲ್ಲ, ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಯಲ್ಲಿ ದಾಖಲಾಗಿರುವ ಪ್ರತಿ. ತಿದ್ದುಪಡಿಯನ್ನು ಸಭೆಯಲ್ಲಿ ಒಪ್ಪಿ, ಅದನ್ನು ನೋಂದಣಿಗೆ ಕಳಿಸುವುದನ್ನೇ ಮರೆತ ಸಂಘಗಳು ಬೇಕಾದಷ್ಟಿವೆ. ಬೈಲಾದಲ್ಲಿ ಸದಸ್ಯರನ್ನು ತೆಗೆಯುವ ಅಧಿಕಾರ ಯಾರಿಗಿದೆ, ಕಾರ್ಯಕಾರಿ ಸಮಿತಿಗೋ ಸರ್ವಸದಸ್ಯರ ಸಭೆಗೋ, ಎಷ್ಟು ದಿನದ ನೋಟಿಸು, ಎಷ್ಟು ಬಹುಮತ ಎಂಬುದನ್ನು ನೋಡಿಕೊಳ್ಳಬೇಕು. ಸರ್ವಸದಸ್ಯರ ಸಭೆ ಮಾಡಬೇಕಾದ್ದನ್ನು ಸಮಿತಿ ಮಾಡಿದರೆ ಉಳಿದದ್ದೆಲ್ಲ ಚೆನ್ನಾಗಿ ನಡೆದಿದ್ದರೂ ಪ್ರಯೋಜನವಿಲ್ಲ. ಅದು ಇಲ್ಲದ ಅಧಿಕಾರ.

ಇಲ್ಲಿ ಇನ್ನೊಂದು ಮಾತು. ನಾನು ಹೇಳುತ್ತಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿಸಿದ ಕನ್ನಡ ಸಂಘ, ಬಡಾವಣೆಯ ಹಿತರಕ್ಷಣಾ ಸಂಘ, ಕ್ಲಬ್ಬು ಮುಂತಾದವುಗಳ ಬಗ್ಗೆ. ಸಹಕಾರ ಸಂಘಗಳಿಗೆ 1959ರ ಪ್ರತ್ಯೇಕ ಕಾಯ್ದೆಯಿದೆ, ಉಚ್ಚಾಟನೆಯ ವಿಧಾನವೂ ಅದರಲ್ಲೇ ಇದೆ. ಇನ್ನು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ರಚನೆಯಾದ ಮಾಲೀಕರ ಸಂಘದಲ್ಲಿ ಸದಸ್ಯತ್ವ ಮನೆಯ ಒಡೆತನದ ಜೊತೆಗೇ ಬರುವಂಥದ್ದು. ನಿರ್ವಹಣಾ ಶುಲ್ಕ ಕಟ್ಟಿಲ್ಲವೆಂದು ಮಾಲೀಕರನ್ನು ಉಚ್ಚಾಟಿಸುತ್ತೇವೆ ಎಂದರೆ ಅರ್ಥವಿಲ್ಲ. ಅಲ್ಲಿ ಬಾಕಿ ವಸೂಲಿಯ ದಾರಿ ಬೇರೆ.

ಬಾಕಿಯ ವಿಷಯವನ್ನೇ ಮೊದಲು ನೋಡೋಣ. ಇದು ಸುಲಭದ್ದೆಂದು ತೋರುತ್ತದೆ: ಹಣ ಕಟ್ಟಿದ್ದಾರೆ ಅಥವಾ ಕಟ್ಟಿಲ್ಲ. ಆದರೆ ಇಲ್ಲಿಯೇ ಎರಡು ಸಂಗತಿಗಳು ಕಲಸಿಹೋಗುತ್ತವೆ. ಸಂಘಗಳ ನೋಂದಣಿಗೆ ಸಂಬಂಧಿಸಿದ 1860ರ ಕೇಂದ್ರ ಕಾಯ್ದೆಯ 15ನೇ ಕಲಮು, ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಇರುವವರಿಗೆ ಆ ಕಾಯ್ದೆಯಡಿಯ ನಡವಳಿಗಳಲ್ಲಿ ಮತ ಹಾಕುವ ಹಕ್ಕಿಲ್ಲ, ಅವರನ್ನು ಸದಸ್ಯರೆಂದು ಎಣಿಸುವಂತಿಲ್ಲ ಎನ್ನುತ್ತದೆ. ನಮ್ಮ ಸಂಘಗಳ ಬೈಲಾಗಳಲ್ಲೂ ಇಂಥ ನಿಯಮ ಸಾಮಾನ್ಯ. ಇದು ಬಾಕಿ ಇರುವಷ್ಟು ಕಾಲದ ಮಾತು, ಹಣ ಕಟ್ಟಿದ ಕೂಡಲೇ ಹಕ್ಕು ಮರಳುತ್ತದೆ. ಸದಸ್ಯತ್ವವೇ ಕೊನೆಗೊಳ್ಳುವುದು ಬೇರೆ ಸಂಗತಿ. ಅದಕ್ಕೆ ಬೈಲಾದಲ್ಲಿ ಪ್ರತ್ಯೇಕ ನಿಯಮ ಬೇಕು. ‘ಮತದಾರರ ಪಟ್ಟಿಯಲ್ಲಿ ಹೆಸರಿರಲಿಲ್ಲ, ಆದ್ದರಿಂದ ಇವರು ಸದಸ್ಯರೇ ಅಲ್ಲ’ ಎನ್ನುವ ವಾದ ಚುನಾವಣೆ ಹತ್ತಿರ ಬಂದಾಗ ಹೆಚ್ಚು ಕೇಳಿಬರುತ್ತದೆ. ಆ ಹೊತ್ತಿನಲ್ಲಿ ಒಂದೇ ಗುಂಪಿನವರ ಹೆಸರುಗಳು ಬಾಕಿಯ ಪಟ್ಟಿಯಿಂದ ಸೀದಾ ವಜಾ ಪಟ್ಟಿಗೆ ಹಾರಿದರೆ, ಅಷ್ಟೇ ಬಾಕಿ ಉಳಿಸಿಕೊಂಡ ಇನ್ನೊಂದು ಗುಂಪಿನವರು ಹಾಗೆಯೇ ಉಳಿದರೆ, ಪ್ರಾಮಾಣಿಕತೆಯ ಪ್ರಶ್ನೆ ತಾನಾಗಿ ಏಳುತ್ತದೆ.

ಬಾಕಿಯ ನೋಟಿಸಿನಲ್ಲಿ ಯಾವ ವರ್ಷದ್ದು, ಎಷ್ಟು, ಯಾವ ದಿನಾಂಕದೊಳಗೆ, ಕಟ್ಟದಿದ್ದರೆ ಬೈಲಾದ ಯಾವ ನಿಯಮದಂತೆ ಏನಾಗುತ್ತದೆ ಎಂಬುದು ಇರಬೇಕು. ಸದಸ್ಯರ ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ, ತಲುಪಿದ್ದಕ್ಕೆ ಗುರುತು ಸಿಗುವ ಅಂಚೆಯಲ್ಲಿ ಕಳಿಸಬೇಕು. ‘ಮನೆ ಬೀಗ’ ಎಂಬ ಷರಾ ಹೊತ್ತು ಲಕೋಟೆ ವಾಪಸು ಬಂದರೆ ಒಡೆಯದೆ ಹಾಗೆಯೇ ಕಡತದಲ್ಲಿಡಬೇಕು, ಮುಂದೆ ಅದೇ ಸಾಕ್ಷಿ. ಒಂದು ಎಚ್ಚರಿಕೆ: ಗಡುವು ಮುಗಿದ ಮೇಲೆ ಖಜಾಂಚಿ ಹಣ ತೆಗೆದುಕೊಂಡು ‘ವಾರ್ಷಿಕ ಚಂದಾ’ ಎಂದು ರಸೀದಿ ಕೊಟ್ಟುಬಿಟ್ಟರೆ, ಅದೇ ಬಾಕಿಗಾಗಿ ಆಮೇಲೆ ಸದಸ್ಯತ್ವ ರದ್ದು ಮಾಡುವುದು ಬಹಳ ಕಷ್ಟ. ಹಣ ಸ್ವೀಕರಿಸಿ ಸದಸ್ಯರೆಂದು ಒಪ್ಪಿಕೊಂಡಿರಿ ಎಂದು ಅವರು ಹೇಳಬಹುದು.

ದುರ್ನಡತೆಯದು ಇದಕ್ಕಿಂತ ಸೂಕ್ಷ್ಮ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಡಾವಣೆಯೊಂದರ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಚಂದಾ ಎತ್ತಿತು. ಒಬ್ಬ ಸದಸ್ಯರ ಕೈಗೆ ರಸೀದಿ ಪುಸ್ತಕ ಕೊಟ್ಟಿತ್ತು. ಜನವರಿಯಾದರೂ ಲೆಕ್ಕ ಬರಲಿಲ್ಲ. ಸಮಿತಿ ನೋಟಿಸು ಬರೆಯಲು ಕೂತಿತು. ಮೊದಲ ಕರಡು ಹೀಗಿತ್ತು: ‘ತಾವು ಸಂಘದ ಘನತೆಗೆ ಧಕ್ಕೆ ತಂದಿರುವುದರಿಂದ ತಮ್ಮನ್ನು ಏಕೆ ವಜಾ ಮಾಡಬಾರದು?’ ಇದಕ್ಕೆ ಯಾರೂ ಉತ್ತರ ಕೊಡಲಾರರು, ಯಾಕೆಂದರೆ ಆರೋಪ ಏನೆಂದೇ ಇದರಲ್ಲಿಲ್ಲ. ನೋಟಿಸು ಎನಿಸಿಕೊಳ್ಳಬೇಕಾದರೆ ಅದು ಹೀಗಿರಬೇಕು: ಅಕ್ಟೋಬರಿನಲ್ಲಿ ನಿಮಗೆ ಕೊಟ್ಟ 7ನೇ ರಸೀದಿ ಪುಸ್ತಕದಲ್ಲಿ 31ರಿಂದ 50ರವರೆಗಿನ ರಸೀದಿಗಳ ಒಟ್ಟು ಮೊತ್ತ 18,500 ರೂಪಾಯಿ. ಈ ಹಣ ಸಂಘದ ಖಾತೆಗೆ ಬಂದಿಲ್ಲ. ಅಡಿಪ್ರತಿಗಳ ನಕಲು ಲಗತ್ತಿಸಿದೆ. ಇದು ಸಾಬೀತಾದರೆ ಬೈಲಾದ ಇಂಥ ನಿಯಮದಂತೆ ಸದಸ್ಯತ್ವ ರದ್ದಾಗಬಹುದು. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇಂಥ ದಿನ ಇಷ್ಟು ಗಂಟೆಗೆ ಸಮಿತಿಯ ಮುಂದೆ ಬಂದು ನಿಮ್ಮ ಮಾತು ಹೇಳಬಹುದು, ದಾಖಲೆ ತರಬಹುದು. ಬೈಲಾ ಇದಕ್ಕಿಂತ ಹೆಚ್ಚು ದಿನ ಹೇಳಿದ್ದರೆ ಅಷ್ಟೂ ದಿನ ಕೊಡಬೇಕು.

ವಿಚಾರಣೆಯ ದಿನ ಅವರು ಬಂದರು. ಶಾಮಿಯಾನದವರಿಗೆ ತಾವೇ ನಗದಾಗಿ ಕೊಟ್ಟ 12,000 ರೂಪಾಯಿಯ ಬಿಲ್ಲು ತಂದರು. ಅದಕ್ಕೆ ಅಂದಿನ ಕಾರ್ಯದರ್ಶಿ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರು, ಕೇಳಿದಾಗ ಅವರೂ ಹೌದೆಂದರು. 1,500 ರೂಪಾಯಿಯ ಎರಡು ರಸೀದಿಗಳು ರದ್ದಾಗಿದ್ದವು, ಮೂಲಪ್ರತಿ ಪುಸ್ತಕದಲ್ಲೇ ಇತ್ತು. ಅಡಿಪ್ರತಿ ಮಾತ್ರ ನೋಡಿದವರಿಗೆ ಅದು ಕಂಡಿರಲಿಲ್ಲ. ಉಳಿದ 5,000ಕ್ಕೆ ಅವರ ಬಳಿ ವಿವರಣೆಯಿರಲಿಲ್ಲ. 18,500 ನುಂಗಿದವರು ಎಂದು ಊರೆಲ್ಲ ಆಡಿಕೊಂಡದ್ದು ಒಂದು ಗಂಟೆಯ ವಿಚಾರಣೆಯಲ್ಲಿ 5,000ದ ಬೇಜವಾಬ್ದಾರಿಗೆ ಇಳಿಯಿತು. ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ಅಂತರ ಇದೇ. ವಿಚಾರಣೆಯನ್ನು ಬರೀ ಶಾಸ್ತ್ರವೆಂದುಕೊಂಡ ಸಮಿತಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮನೆ ಮಂದಿಯ ಹೆಸರು ಓಣಿಯಲ್ಲಿ ಕೆಡುವ ಸಂಗತಿಯಿದು.

ಕೂತು ಕೇಳುವವರು ಯಾರು ಎಂಬುದೂ ಮುಖ್ಯ. ಈ ಉದಾಹರಣೆಯಲ್ಲಿ ದೂರು ಕೊಟ್ಟವರು ಖಜಾಂಚಿ, ಅವರು ಸಮಿತಿಯ ಸದಸ್ಯರೂ ಹೌದು. ತಮ್ಮ ದೂರಿನ ಮೇಲೆ ತಾವೇ ತೀರ್ಪು ಕೊಡುವಂತಿಲ್ಲ. ಅವರು ಸಾಕ್ಷಿ ಹೇಳಬಹುದು, ಲೆಕ್ಕ ತೋರಿಸಬಹುದು. ತೀರ್ಮಾನ ಮಾಡುವಾಗ ಹೊರಗೆ ಹೋಗಬೇಕು, ಹೋದರೆಂದು ನಡವಳಿಯಲ್ಲಿ ಬರೆಯಬೇಕು. ಅವರು ಎದ್ದುಹೋದ ಮೇಲೂ ಕೋರಂ ಉಳಿದಿದೆಯೇ ಎಂದು ಎಣಿಸಿಕೊಳ್ಳಬೇಕು. ವಕೀಲರನ್ನು ಕರೆತರಲು ಬಿಡಲೇಬೇಕೆಂದೇನಿಲ್ಲ, ಬೈಲಾದಲ್ಲಿ ಅವಕಾಶವಿದ್ದರೆ ಮಾತ್ರ. ನೋಟಿಸು ತಲುಪಿಯೂ ಕಾರಣ ಹೇಳದೆ ಬಾರದವರಿಗಾಗಿ ಅನಂತವಾಗಿ ಕಾಯಬೇಕಾಗಿಯೂ ಇಲ್ಲ. ಕೊಟ್ಟ ಅವಕಾಶವನ್ನು ಅವರು ಬಳಸಿಕೊಳ್ಳಲಿಲ್ಲ ಎಂದು ದಾಖಲಿಸಿ ಮುಂದುವರಿಯಬಹುದು.

ನಿರ್ಣಯದಲ್ಲಿ ‘ತಪ್ಪಿತಸ್ಥರೆಂದು ಕಂಡುಬಂದಿದೆ’ ಎಂಬ ಒಂದೇ ಸಾಲು ಸಾಲದು. ಯಾವ ಆರೋಪ, ಅವರ ಉತ್ತರವೇನು, ಅದರಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಒಪ್ಪಲಿಲ್ಲ, ಏಕೆ ಎಂದು ನಾಲ್ಕು ವಾಕ್ಯ ಬೇಕು. ಶಿಕ್ಷೆ ಬೈಲಾದಲ್ಲಿ ಇರುವಂಥದ್ದೇ ಆಗಿರಬೇಕು. ಬೈಲಾದಲ್ಲಿ ಅಮಾನತು ಇದ್ದರೆ ನಮ್ಮ ಉದಾಹರಣೆಯ ಸಮಿತಿ ಒಂದು ವರ್ಷದ ಅಮಾನತು ಮಾಡಿ, 5,000 ರೂಪಾಯಿ ಹಿಂದಿರುಗಿಸಲು 30 ದಿನ ಕೊಡಬಹುದು. ಇಲ್ಲದ ದಂಡವನ್ನು ಅಲ್ಲಿಯೇ ಹುಟ್ಟಿಸಿಕೊಳ್ಳುವಂತಿಲ್ಲ. ನಿರ್ಣಯದ ಪ್ರತಿಯನ್ನು ಸದಸ್ಯರಿಗೆ ಕಳಿಸುವಾಗ ಸರ್ವಸದಸ್ಯರ ಸಭೆಗೆ ಮೇಲ್ಮನವಿ ಹಾಕುವ ಅವಕಾಶ ಬೈಲಾದಲ್ಲಿದ್ದರೆ ಅದನ್ನೂ ಗಡುವಿನ ಸಮೇತ ತಿಳಿಸಬೇಕು. ಆ ಸಭೆಯ ಸೂಚನಾಪತ್ರದಲ್ಲಿ ಈ ವಿಷಯ ತನ್ನದೇ ಸಂಖ್ಯೆಯೊಂದಿಗೆ ಇರಬೇಕು, ‘ಇತರ ವಿಷಯ’ವಾಗಿ ಅಲ್ಲ.

ಮೇಲ್ಮನವಿಯಲ್ಲೂ ಸಮಾಧಾನವಾಗದಿದ್ದರೆ ದಾರಿ ಸಿವಿಲ್ ಕೋರ್ಟಿನದು. ನಿರ್ಣಯ ಅಸಿಂಧು ಎಂದು ಘೋಷಿಸಿ, ತೀರ್ಪು ಬರುವವರೆಗೆ ತಡೆ ಕೊಡಿ ಎಂದು ಕೇಳಬಹುದು. ಇನ್ನು ಸಂಘದ ಕಡೆಯವರು ಮರೆಯುವ ಒಂದು ಸಂಗತಿಯಿದೆ. ಸದಸ್ಯತ್ವ ಹೋದರೂ, ಅದುವರೆಗಿನ ಬಾಕಿ ಹೋಗುವುದಿಲ್ಲ. ಅದು ಸಾಮಾನ್ಯ ಸಾಲದಂತೆಯೇ ಉಳಿಯುತ್ತದೆ. ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ, ಆ ಲೆಕ್ಕ ಸದಸ್ಯರನ್ನು ತೆಗೆದ ದಿನದಿಂದಲ್ಲ, ಹಣ ಕೊಡಬೇಕಾಗಿದ್ದ ದಿನದಿಂದ ಶುರುವಾಗುತ್ತದೆ.