ಸ್ಲೈಡ್ ಮಾಡುವ ಮುನ್ನ ಅರ್ಕಾವೊತ್ತು ನೋಡಿ

ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಜೀವಶಾಸ್ತ್ರದ ಉಪನ್ಯಾಸವೊಂದನ್ನು ಪವರ್‌ಪಾಯಿಂಟಿಗೆ ತಂದು ಫಾಂಟ್ ಬದಲಿಸಿ ನೋಡಿ. ‘ಕನ್ನಡ’ ಎಂದಿದ್ದದ್ದು `PÀ£ÀßqÀ` ಆಗುತ್ತದೆ. ಕಡತದಲ್ಲಿ ಮೊದಲಿನಿಂದಲೂ ಇದ್ದದ್ದು ಈ ಚಿಹ್ನೆಗಳೇ. ಅವಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟ್ ಮಾತ್ರ. ಆದ್ದರಿಂದ ಯುನಿಕೋಡಿಗೆ ಪರಿವರ್ತಿಸುವ ಕೆಲಸ ಮೊದಲು, ಟಿಪ್ಪಣಿ, ಸ್ಲೈಡ್ ಆಮೇಲೆ.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಅವು ಕೊಟ್ಟದ್ದನ್ನು ಹಾಗೇ ನಂಬುವಂತಿಲ್ಲ. ದೊಡ್ಡ ತೊಡಕು ಅರ್ಕಾವೊತ್ತಿನದು. ಹಳೆಯ ಫಾಂಟಿನಲ್ಲಿ ಅದು ನಾವು ಕೈಯಲ್ಲಿ ಬರೆಯುವ ಹಾಗೆ ಅಕ್ಷರದ ನಂತರ ಬರುತ್ತದೆ. ‘ಕಾರ್ಯಕ್ರಮ’ ಅಲ್ಲಿ `PÁAiÀÄðPÀæªÀÄ`. ಇದರಲ್ಲಿ `ð` ಎಂಬುದೇ ಅರ್ಕಾವೊತ್ತು. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವಿರುವುದರಿಂದ ‘ರ್’ ಮೊದಲು, ‘ಯ’ ಆಮೇಲೆ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕಾಯರ್ಕ್ರಮ’ ಹುಟ್ಟುತ್ತದೆ. ಒತ್ತಕ್ಷರವೂ ಜೊತೆಗಿದ್ದರೆ ಇನ್ನೂ ಕಷ್ಟ. ‘ಸಾಮರ್ಥ್ಯ’ದಲ್ಲಿ ‘ರ್’ ಇಡೀ ‘ಥ್ಯ’ವನ್ನು ದಾಟಿ ಹಿಂದೆ ಹೋಗಬೇಕು. ಅರ್ಧಕ್ಕೇ ನಿಂತರೆ ‘ಸಾಮಥ್ರ್ಯ’. ಜಾಲತಾಣಗಳಲ್ಲಿ ಈ ರೂಪ ಎಷ್ಟು ಸಲ ಕಣ್ಣಿಗೆ ಬಿದ್ದಿಲ್ಲ!

ಹೀಗಾಗಿ ಪರಿವರ್ತಿಸಿದ ಕಡತದಲ್ಲಿ ‘ಥ್ರ್ಯ’, ‘ಯರ್ಕ್’ ಮುಂತಾದವನ್ನು ಹುಡುಕಿ ಒಂದೊಂದಾಗಿ ತಿದ್ದಬೇಕು. ‘್ರ್ಯ’ ಇರುವ ಕಡೆಯೆಲ್ಲ ಒಂದೇ ಏಟಿಗೆ ಬದಲಾಯಿಸಲು ಹೋದರೆ ‘ಸ್ವಾತಂತ್ರ್ಯ’ದಂಥ ಸರಿಯಾದ ಪದಗಳೂ ಕೆಡುತ್ತವೆ.

ಇನ್ನು ಇಂಗ್ಲಿಷ್ ಪದಗಳು. ನುಡಿಯ ಹಳೆಯ ಫಾಂಟುಗಳಲ್ಲಿ `D` ಅಂದರೆ ‘ಆ’, `N` ಅಂದರೆ ‘ಓ’, `A` ಅಂದರೆ ಅನುಸ್ವಾರ. ಉಪನ್ಯಾಸದಲ್ಲಿ ಬೇರೆ ಫಾಂಟಿನಲ್ಲಿದ್ದ `DNA` ಎಂಬ ಪದವನ್ನೂ ಪರಿವರ್ತಕಕ್ಕೆ ಸುರಿದರೆ ‘ಆಓಂ’ ಎಂದು ಹೊರಬರುತ್ತದೆ. ಬರೀ ಪಠ್ಯವಾಗಿ ಅಂಟಿಸಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತೆಂಬ ಗುರುತೇ ಅಳಿಸಿಹೋಗುತ್ತದೆ. ವರ್ಡ್ ಕಡತವನ್ನೇ ತೆರೆದು, ನುಡಿ ಫಾಂಟಿನಲ್ಲಿರುವ ಭಾಗವನ್ನಷ್ಟೇ ಬದಲಿಸುವ ಪರಿವರ್ತಕ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಸಿಗದಿದ್ದರೆ ಮೂಲದಲ್ಲಿರುವ ಇಂಗ್ಲಿಷ್ ಪದಗಳಿಗೆಲ್ಲ ಮೊದಲೇ ಹಳದಿ ಬಣ್ಣ ಬಳಿದಿಟ್ಟು, ಕೊನೆಗೆ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಈ ಕಾರಣಕ್ಕಾದರೂ ಮೂಲ ಕಡತವನ್ನು ಅಳಿಸಬಾರದು.

ಕಣ್ಣು ತಪ್ಪಿಸುವ ಮತ್ತೊಂದು ದೋಷವಿದೆ. ‘ಪ್ರೋಟೀನ್‌ಗಳು’ ಪರಿವರ್ತನೆಯಾದಾಗ ‘ಪ್ರೋಟೀನ್ಗಳು’ ಆಗಿ, ‘ಗ’ ಹೋಗಿ ‘ನ’ದ ಒತ್ತಾಗಿಬಿಡುತ್ತದೆ. ನಡುವೆ ಒಂದು ಅದೃಶ್ಯ ಚಿಹ್ನೆ ಬೇಕು. ವರ್ಡಿನಲ್ಲಿ ‘ನ್’ ಆದ ಮೇಲೆ `200C` ಎಂದು ಟೈಪಿಸಿ `Alt+X` ಒತ್ತಿದರೆ ಅದು ಬಂದು ಕೂರುತ್ತದೆ.

ಟಿಪ್ಪಣಿ, ಸ್ಲೈಡ್ ಎರಡನ್ನೂ ಹೀಗೆ ತಿದ್ದಿದ ಒಂದೇ ಕಡತದಿಂದ ತೆಗೆಯಿರಿ. ಸ್ಲೈಡ್ ಆದ ಮೇಲೆ ‘ಸಾಮಥ್ರ್ಯ’ ಸಿಕ್ಕರೆ ಟಿಪ್ಪಣಿ, ಸ್ಲೈಡ್, ಹಂಚಿದ ಪ್ರತಿ ಎಲ್ಲ ಕಡೆಯೂ ಮತ್ತೆ ತಿದ್ದಬೇಕಾಗುತ್ತದೆ.